ಚಾರ್ಜರ್‌ನ ಕೆಂಪು ಲೈಟ್ ಪಟಪಟ ಅಂತಿದೆಯಾ? ಬ್ಯಾಟರಿ ಎಸೆಯೋ ಮೊದಲು ಇದನ್ನು ಓದಿ

ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕಾರ್ಡ್‌ಲೆಸ್ ಡ್ರಿಲ್ ಅನ್ನು ಮೊನ್ನೆ ಹೊರಗೆ ತೆಗೆದೆ. ಅದರ ಜೊತೆ ಎರಡು ಬ್ಯಾಟರಿ ಇವೆ. ಎರಡೂ 18 ವೋಲ್ಟ್, ಒಂದೇ ದಿನ ಕೊಂಡವು. ಮೊದಲನೆಯದನ್ನು ಚಾರ್ಜರ್‌ಗೆ ಸಿಕ್ಕಿಸಿದೆ, ಕೆಂಪು ಲೈಟ್ ನಿಧಾನವಾಗಿ ಹತ್ತಿ ಆರಿ ಮಾಡತೊಡಗಿತು. ಎರಡನೆಯದನ್ನು ಹಾಕಿದೆ, ಅದೇ ಲೈಟ್ ಈಗ ಪಟಪಟ ಅಂತ ಜೋರಾಗಿ ಮಿನುಗಿತು. ಎರಡೂ ಚಾರ್ಜ್ ಆಗಲಿಲ್ಲ.

ಎರಡೂ ಒಟ್ಟಿಗೆ ಹೋದವು ಅಂದುಕೊಂಡೆ. ಹಾಗಾಗಿರಲಿಲ್ಲ. ಒಂದರಲ್ಲಿ ಬ್ಯಾಟರಿ ಸರಿಯಾಗೇ ಇತ್ತು, ಒಂದು ಪಿನ್ ಮೇಲಿನ ಕೊಳೆ ಚಾರ್ಜರ್‌ಗೆ ಸುಳ್ಳು ಹೇಳುತ್ತಿತ್ತು. ಇನ್ನೊಂದರಲ್ಲಿ ನಿಜವಾಗಿಯೂ ಒಂದು ಸೆಲ್ ಕೈಕೊಟ್ಟಿತ್ತು. ಇವೆರಡನ್ನು ಬೇರೆ ಮಾಡಿ ನೋಡೋದು ಹೇಗೆ ಅನ್ನೋದೇ ಈ ಲೇಖನ.

## ಲೈಟ್ ಮಿನುಗುವುದು ಯಾಕೆ

ಬ್ಯಾಟರಿ ಸಿಕ್ಕಿಸಿದ ತಕ್ಷಣ ಚಾರ್ಜರ್ ಕರೆಂಟ್ ಬಿಡೋದಿಲ್ಲ. ಮೊದಲು ಕೆಲವು ಪ್ರಶ್ನೆ ಕೇಳುತ್ತದೆ. ಬ್ಯಾಟರಿ ಇದೆಯಾ? ಎಷ್ಟು ವೋಲ್ಟ್ ಇದೆ? ಒಳಗೆ ಎಷ್ಟು ಬಿಸಿ ಇದೆ? ಒಳಗಿನ ಸೆಲ್‌ಗಳೆಲ್ಲ ಒಂದೇ ಮಟ್ಟದಲ್ಲಿವೆಯಾ? ಎಲ್ಲಕ್ಕೂ ಒಪ್ಪುವ ಉತ್ತರ ಸಿಕ್ಕರೆ ಚಾರ್ಜಿಂಗ್ ಶುರು. ಒಂದಕ್ಕೆ ಸಿಗದಿದ್ದರೂ ಲೈಟ್ ಮಿನುಗಿಸಿ ಸುಮ್ನೆ ಕೂರುತ್ತದೆ.

ಈ ಉತ್ತರಗಳೆಲ್ಲ ಬರುವುದು ಬ್ಯಾಟರಿಯ ತಲೆಯ ಮೇಲಿರುವ ಲೋಹದ ಪಿನ್‌ಗಳ ಮೂಲಕ. ನಿಮ್ಮ ಬ್ಯಾಟರಿಯನ್ನು ತಿರುಗಿಸಿ ನೋಡಿ. ಎರಡು ಅಗಲವಾದ ಪಿನ್ ಇರುತ್ತವೆ, ಪ್ಲಸ್ ಮತ್ತು ಮೈನಸ್. ಕೆಲಸದ ಕರೆಂಟ್ ಪೂರ್ತಿ ಹರಿಯುವುದು ಇವುಗಳಲ್ಲೇ. ಅವುಗಳ ನಡುವೆ ಅಥವಾ ಪಕ್ಕದಲ್ಲಿ ಇನ್ನೂ ಕೆಲವು ಸಣ್ಣ ಪಿನ್‌ಗಳಿರುತ್ತವೆ. ಅವು ಕರೆಂಟ್ ಸಾಗಿಸೋದಕ್ಕಲ್ಲ, ಸುದ್ದಿ ಸಾಗಿಸೋದಕ್ಕೆ. ಒಂದು ಪಿನ್ ಬಿಸಿಯ ಸುದ್ದಿ ಹೇಳಿದರೆ ಇನ್ನು ಕೆಲವು ಒಂದೊಂದು ಸೆಲ್‌ನ ವೋಲ್ಟೇಜ್ ಹೇಳುತ್ತವೆ. ಕೆಲವು ಹೊಸ ಬ್ಯಾಟರಿಗಳಲ್ಲಿ ಒಳಗೇ ಒಂದು ಚಿಪ್ ಕೂತು ಇವನ್ನೆಲ್ಲ ಲೆಕ್ಕ ಹಾಕಿ ಒಂದೇ ಪಿನ್‌ನಲ್ಲಿ ವರದಿ ಕಳಿಸುತ್ತದೆ.

ಅಂದರೆ ಬ್ಯಾಟರಿ ಹೇಗಿದೆ ಅನ್ನೋದು ಚಾರ್ಜರ್‌ಗೆ ನೇರವಾಗಿ ಗೊತ್ತಾಗೋದಿಲ್ಲ. ಪಿನ್‌ಗಳು ಏನು ಹೇಳಿದವು ಅನ್ನೋದಷ್ಟೇ ಗೊತ್ತು. ಮುಂದಿನದೆಲ್ಲ ನಿಂತಿರೋದು ಈ ಒಂದು ವಿಷಯದ ಮೇಲೆ.

ಮಿನುಗುವ ಭಾಷೆ ಒಂದೊಂದು ಕಂಪನಿಗೆ ಒಂದೊಂದು ಥರ. ನಿಧಾನವಾಗಿ ಮಿನುಗಿದರೆ, ಅಥವಾ ಬೇರೆ ಬಣ್ಣದ ಇನ್ನೊಂದು ಲೈಟ್ ಜೊತೆಗೆ ಹತ್ತಿದರೆ, ಸಾಮಾನ್ಯವಾಗಿ 'ಬಿಸಿ ಅಥವಾ ತಣ್ಣಗಿದೆ, ಕಾಯುತ್ತಿದ್ದೇನೆ' ಅಂತ. ಜೋರಾಗಿ ಮಿನುಗಿದರೆ, ಅಥವಾ ಕೆಂಪು ಹಸಿರು ಒಂದಾದ ಮೇಲೊಂದು ಹತ್ತಿದರೆ, ಹೆಚ್ಚಾಗಿ 'ಈ ಬ್ಯಾಟರಿ ಸರಿ ಇಲ್ಲ' ಅಂತ. ಆದರೆ ಇದನ್ನೇ ನಂಬಬೇಡಿ. ಚಾರ್ಜರ್‌ನ ಮೇಲೋ ತಳದಲ್ಲೋ ಸಣ್ಣ ಚಿತ್ರಗಳ ಪಟ್ಟಿ ಅಂಟಿಸಿರುತ್ತಾರೆ. ನಿಮ್ಮ ಚಾರ್ಜರ್‌ಗೆ ಅದೇ ಪ್ರಮಾಣ.

ಇನ್ನೊಂದು ಬ್ಯಾಟರಿ ಇದ್ದರೆ ಮೊದಲು ಅದನ್ನು ಹಾಕಿ ನೋಡಿ. ಅದು ಸರಿಯಾಗಿ ಚಾರ್ಜ್ ಆದರೆ ಚಾರ್ಜರ್ ಸರಿ ಇದೆ, ತೊಂದರೆ ಇರೋದು ಮೊದಲನೆಯದರಲ್ಲಿ. ಅರ್ಧ ನಿಮಿಷದ ಕೆಲಸ, ಅರ್ಧ ತಲೆನೋವು ಕಡಿಮೆ.

## ಬಿಸಿ ಅಳೆಯುವ ಪುಟ್ಟ ಮಣಿ

ಬ್ಯಾಟರಿಯೊಳಗೆ ಸೆಲ್‌ಗಳಿಗೆ ತಾಗಿಕೊಂಡಂತೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಮಣಿ ಇರುತ್ತದೆ. ಅದರ ಹೆಸರು ಥರ್ಮಿಸ್ಟರ್. ಅದು ಕರೆಂಟ್‌ಗೆ ಒಡ್ಡುವ ತಡೆ ಬಿಸಿಯ ಜೊತೆ ಬದಲಾಗುತ್ತದೆ. ಬಿಸಿ ಏರಿದರೆ ತಡೆ ಇಳಿಯುತ್ತದೆ, ತಣ್ಣಗಾದರೆ ತಡೆ ಏರುತ್ತದೆ. ಈ ತಡೆಯನ್ನು ಅಳೆಯುವ ಮಾನ ಓಮ್.

ತುಂಬಾ ಬಳಕೆಯಲ್ಲಿರೋದು 25 ಡಿಗ್ರಿಯಲ್ಲಿ 10 ಸಾವಿರ ಓಮ್ ತೋರಿಸುವ ಮಣಿ. ಅದೇ ಮಣಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 30 ಸಾವಿರ ಓಮ್ ತೋರಿಸುತ್ತದೆ, 45 ಡಿಗ್ರಿಯಲ್ಲಿ 4ರಿಂದ 5 ಸಾವಿರ. ಚಾರ್ಜರ್ ಈ ಸಂಖ್ಯೆಯನ್ನು ಓದಿ ಒಳಗಿನ ಬಿಸಿಯನ್ನು ಊಹಿಸುತ್ತದೆ. ಲಿಥಿಯಂ ಅಯಾನ್ ಸೆಲ್‌ಗಳನ್ನು ಸಾಮಾನ್ಯವಾಗಿ ಸೊನ್ನೆಯಿಂದ 45 ಡಿಗ್ರಿಯೊಳಗೆ ಮಾತ್ರ ಚಾರ್ಜ್ ಮಾಡಬಹುದು. ತುಂಬಾ ಕಂಪನಿಗಳು ಇನ್ನೂ ಎಚ್ಚರಿಕೆಯಿಂದ 5ರಿಂದ 40 ಅಂತ ಬರೆದಿರುತ್ತವೆ.

ತಣ್ಣಗಿದ್ದರೆ ಏನು ಕಷ್ಟ ಅಂತ ಕೇಳಬಹುದು. ಚಾರ್ಜ್ ಆಗುವಾಗ ಲಿಥಿಯಂ ಅಯಾನ್‌ಗಳು ಗ್ರಾಫೈಟ್ ಪದರಗಳ ಒಳಗೆ ನುಗ್ಗಿ ಕೂರಬೇಕು. ಚಳಿಯಲ್ಲಿ ಅವು ಒಳಗೆ ಹೋಗೋದು ನಿಧಾನ. ಹಿಂದಿನಿಂದ ಕರೆಂಟ್ ಮಾತ್ರ ನೂಕುತ್ತಲೇ ಇರುತ್ತದೆ. ಬಸ್ಸಿನ ಬಾಗಿಲು ಕಿರಿದಾಗಿ ಜನ ಹೊರಗೇ ಜಮಾಯಿಸಿದ ಹಾಗೆ, ಲಿಥಿಯಂ ಗ್ರಾಫೈಟ್‌ನ ಮೇಲ್ಮೈಯಲ್ಲೇ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡದ್ದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರೋದಿಲ್ಲ, ಸೆಲ್‌ನ ಸಾಮರ್ಥ್ಯ ಕಾಯಂ ಆಗಿ ಕುಗ್ಗುತ್ತದೆ. ಅದು ಸೂಜಿಯಂತೆ ಬೆಳೆದು ಒಳಗಿನ ತೆಳುವಾದ ಪರದೆಯನ್ನು ಚುಚ್ಚಿದರೆ ಒಳಗೇ ಶಾರ್ಟ್.

ಬಿಸಿಯ ಕಥೆ ನಮಗೆ ಹೆಚ್ಚು ಪರಿಚಯದ್ದು. ಕಾಂಕ್ರೀಟ್ ಕೊರೆಯುವಾಗ ಡ್ರಿಲ್ ಒಮ್ಮೊಮ್ಮೆ 25 ಆಂಪಿಯರ್ ಎಳೆದರೂ ಎಳೆಯಬಹುದು. ಬ್ಯಾಟರಿಯೊಳಗಿನ ತಡೆ ಬರೀ 0.06 ಓಮ್ ಅಂತಿಟ್ಟುಕೊಳ್ಳಿ. 25 × 25 × 0.06, ಅಂದರೆ 37 ವ್ಯಾಟ್‌ಗೂ ಜಾಸ್ತಿ ಶಾಖ. ಸಣ್ಣದೊಂದು ಬೆಸುಗೆ ಕಡ್ಡಿಯನ್ನು ಬ್ಯಾಟರಿಯ ಹೊಟ್ಟೆಯಲ್ಲಿಟ್ಟು ಪ್ಲಾಸ್ಟಿಕ್ ಮುಚ್ಚಿದ ಹಾಗೆ. ಆ ಪ್ಲಾಸ್ಟಿಕ್ ಶಾಖವನ್ನು ಬೇಗ ಬಿಡೋದೂ ಇಲ್ಲ. ಕೈಗೆ ಮೇಲೆ ತಣ್ಣಗೆ ಅನಿಸಿದರೂ ನಡುವಿನ ಸೆಲ್‌ಗಳು ಇನ್ನೂ ಬಿಸಿಯಾಗಿಯೇ ಇರುತ್ತವೆ. ಅದಕ್ಕೇ 'ತಣ್ಣಗಾಗಿದೆಯಲ್ಲ, ಆದರೂ ಯಾಕೆ ಮಿನುಗ್ತಿದೆ' ಅಂತ ಜನ ಗೊಣಗೋದು.

ಇದಕ್ಕೆ ಮದ್ದು ಕಾಯೋದು ಮಾತ್ರ. ನೆರಳಲ್ಲಿ, ಗಾಳಿಯಾಡುವ ಕಡೆ ಅರ್ಧ ಗಂಟೆಯಿಂದ ಒಂದು ಗಂಟೆ ಇಡಿ. ಫ್ಯಾನ್ ಕೆಳಗಿಟ್ಟರೆ ಇನ್ನೂ ಒಳ್ಳೆಯದು. ಫ್ರಿಜ್‌ಗೆ ತುರುಕುವವರನ್ನು ನೋಡಿದ್ದೇನೆ, ಅದು ಬೇಡ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ, ಸಣ್ಣ ಪಿನ್‌ಗಳಿಗೆ ಕಿಲುಬು ಹಿಡಿಯೋದು ಹೀಗೇ.

ಒಂದು ಗಂಟೆ ಕಾದರೂ ಅದೇ ಹಾಡು ಅಂದರೆ ಬಿಸಿಯ ಕಥೆ ಸುಳ್ಳಿರಬೇಕು. ನನ್ನ ಮೊದಲ ಬ್ಯಾಟರಿಯಲ್ಲಿ ಆಗಿದ್ದು ಇದೇ.

## ಕೊಳೆ ಹೇಳುವ ಸುಳ್ಳು

ಆ ಬ್ಯಾಟರಿ ತಿಂಗಳುಗಟ್ಟಲೆ ಮೂಲೆಯಲ್ಲಿತ್ತು. ಬಿಸಿ ಆಗೋಕೆ ಕಾರಣವೇ ಇಲ್ಲ. ಕೋಣೆಯಲ್ಲಿ 27 ಡಿಗ್ರಿ. ಆದರೂ ಚಾರ್ಜರ್ 'ಬಿಸಿ ಅಥವಾ ತಣ್ಣಗಿದೆ' ಅನ್ನುವ ನಿಧಾನದ ಮಿನುಗನ್ನೇ ತೋರಿಸುತ್ತಿತ್ತು.

ಮಲ್ಟಿಮೀಟರ್ ಅನ್ನು ಓಮ್ ಅಳೆಯುವ ಕಡೆ ತಿರುಗಿಸಿ, ಒಂದು ಕಡ್ಡಿಯನ್ನು ಮೈನಸ್ ಪಿನ್‌ಗೆ, ಇನ್ನೊಂದನ್ನು ಬಿಸಿಯ ಸುದ್ದಿ ಹೇಳುವ ಸಣ್ಣ ಪಿನ್‌ಗೆ ಹಗುರವಾಗಿ ತಾಗಿಸಿದೆ. 41 ಸಾವಿರ ಓಮ್ ತೋರಿಸಿತು. ಸ್ವಲ್ಪ ಒತ್ತಿ, ಕಡ್ಡಿಯ ತುದಿಯಿಂದ ಪಿನ್ ಮೇಲೆ ಕೆರೆದ ಹಾಗೆ ಮಾಡಿದೆ. ಸಂಖ್ಯೆ ಸರ್ರಂತ ಇಳಿದು 9 ಸಾವಿರಕ್ಕೆ ಬಂದು ನಿಂತಿತು. ಕಡ್ಡಿ ಸಡಿಲಿಸಿದರೆ ಮತ್ತೆ ಮೇಲಕ್ಕೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. 27 ಡಿಗ್ರಿಯಲ್ಲಿ ಆ ಮಣಿ ತೋರಿಸಬೇಕಾದದ್ದು ಸುಮಾರು 9 ಸಾವಿರವೇ. ಅಂದರೆ ಮಣಿ ಸರಿ ಇದೆ. ಉಳಿದ 32 ಸಾವಿರ ಪಿನ್ ಮೇಲೆ ಕಟ್ಟಿದ್ದ ಕಂಡೂ ಕಾಣದ ಪದರದ್ದು. ಆದರೆ ಅದು ಕೊಳೆಯದ್ದು, ಇದು ಮಣಿಯದ್ದು ಅಂತ ಚಾರ್ಜರ್ ಬೇರೆ ಮಾಡೋದು ಹೇಗೆ? ಎರಡನ್ನೂ ಕೂಡಿಸಿ 41 ಸಾವಿರ ಅಂತ ಓದುತ್ತದೆ. ಅದರ ಪಟ್ಟಿಯಲ್ಲಿ 41 ಸಾವಿರ ಅಂದರೆ ಸೊನ್ನೆಗಿಂತ ಕೆಳಗಿನ ಚಳಿ. ಬೆಚ್ಚಗಿನ ಕೋಣೆಯಲ್ಲಿ ಕೂತು ನನ್ನ ಚಾರ್ಜರ್ ಮಂಜುಗಡ್ಡೆ ಕರಗಲಿ ಅಂತ ಕಾಯುತ್ತಿತ್ತು!

ದೊಡ್ಡ ಪಿನ್‌ಗಳು ಇದೇ ಕೊಳೆಯನ್ನು ಹೇಗೋ ಸಹಿಸಿಕೊಳ್ಳುತ್ತವೆ, ಸಣ್ಣವಕ್ಕೆ ಆಗೋದಿಲ್ಲ. ದೊಡ್ಡ ಪಿನ್‌ಗಳು ಬಿಗಿಯಾಗಿ ಉಜ್ಜಿಕೊಂಡು ಒಳಗೆ ಹೋಗುತ್ತವೆ, ಪ್ರತಿ ಸಲ ಒಂದಿಷ್ಟು ಪದರ ಕೆರೆದು ಹೋಗುತ್ತದೆ. ಸಣ್ಣ ಪಿನ್‌ಗಳಲ್ಲಿ ಸ್ಪ್ರಿಂಗ್ ಮೆದು, ಹರಿಯುವ ಕರೆಂಟೂ ನೂಲಿನೆಳೆಯಷ್ಟು. ಆ ಪದರವನ್ನು ಸೀಳಿಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ.

ಪದರ ಪೂರ್ತಿ ಅಡ್ಡ ಬಂದರೆ ಇನ್ನೊಂದು ಥರದ ಸುಳ್ಳು. ಆಗ ಚಾರ್ಜರ್‌ಗೆ ಬಿಸಿಯ ಸುದ್ದಿಯೇ ಸಿಗೋದಿಲ್ಲ. ಕೆಲವು ಚಾರ್ಜರ್‌ಗಳು ಇದನ್ನು ಬ್ಯಾಟರಿ ಕೆಟ್ಟಿದೆ ಅಂತ ತಿಳಿಯುತ್ತವೆ, ಕೆಲವು ಬ್ಯಾಟರಿಯೇ ಇಲ್ಲ ಅಂತ. ಸೆಲ್‌ನ ವೋಲ್ಟೇಜ್ ಹೇಳುವ ಪಿನ್ ಮೇಲೆ ಕೊಳೆ ಕಟ್ಟಿದರೆ ಆ ಸೆಲ್ ಖಾಲಿ ಇದ್ದಂತೆ ಕಂಡು, ಚೆನ್ನಾಗಿರುವ ಬ್ಯಾಟರಿಗೂ 'ಕೆಟ್ಟಿದೆ' ಅನ್ನುವ ಹಣೆಪಟ್ಟಿ ಬೀಳಬಹುದು. ಕೊಳೆಗೆ ತನ್ನದೇ ಆದ ಮಿನುಗು ಇಲ್ಲ ನೋಡಿ. ಅದು ಯಾವಾಗಲೂ ಬೇರೆ ರೋಗದ ವೇಷದಲ್ಲೇ ಬರುತ್ತದೆ. ನಾನು ಯಾವ ಮಿನುಗು ಕಂಡರೂ ಮೊದಲು ಪಿನ್ ಒರೆಸೋದು ಇದಕ್ಕೇ.

ದೊಡ್ಡ ಪಿನ್‌ಗಳ ಕೊಳೆಯೂ ಪೂರ್ತಿ ನಿರಪಾಯ ಅಲ್ಲ. 5 ಆಂಪಿಯರ್‌ನಲ್ಲಿ ಚಾರ್ಜ್ ಆಗುವಾಗ ಪಿನ್ ಕೂಡುವ ಜಾಗದಲ್ಲಿ 0.1 ಓಮ್ ತಡೆ ಇದ್ದರೆ ಅಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ, ಎರಡೂವರೆ ವ್ಯಾಟ್ ಶಾಖ ಆ ಸಣ್ಣ ಜಾಗದಲ್ಲೇ ಹುಟ್ಟುತ್ತದೆ. ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಅಥವಾ ಸ್ವಲ್ಪ ಕರಗಿದಂತಿದ್ದರೆ ಅದಕ್ಕೆ ಇದೇ ಕಾರಣ. ಅಷ್ಟಾಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಸ್ಪ್ರಿಂಗ್‌ನ ಬಿಗಿಯೇ ಹೋಗಿರುತ್ತದೆ.

## ಒರೆಸುವ ಕ್ರಮ

ಚಾರ್ಜರ್‌ನ ಪ್ಲಗ್ ಅನ್ನು ಗೋಡೆಯಿಂದ ಕಿತ್ತು ಕೆಲವು ನಿಮಿಷ ಬಿಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಮೊದಲು ಒಣ ಬ್ರಷ್‌ನಿಂದ ಧೂಳು ಕೊಡವಿ, ಅದರಲ್ಲೂ ಸಿಮೆಂಟ್ ಧೂಳಿದ್ದರೆ ಒದ್ದೆ ಮಾಡುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಅದು ಕೆಸರಾಗಿ ಸಂದಿಯೊಳಗೆ ಕೂತುಬಿಡುತ್ತದೆ. ಆಮೇಲೆ ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಹಿಂಡಿ, ಒಂದೊಂದೇ ಪಿನ್ ಉಜ್ಜಿ. ಹತ್ತಿ ಬೂದುಬಣ್ಣಕ್ಕೋ ಹಸಿರಿಗೋ ತಿರುಗೋದು ಕಾಣಿಸುತ್ತದೆ. ಹೊಸ ಕಡ್ಡಿ ಬೆಳ್ಳಗೇ ಉಳಿಯುವ ತನಕ ಮಾಡಿ. ಬ್ಯಾಟರಿಯ ಪಿನ್‌ಗಳು ಸಂದಿಯೊಳಗಿದ್ದರೆ ಹತ್ತಿ ಒಳಗೆ ಹೋಗೋದಿಲ್ಲ, ಆಗ ದಪ್ಪ ಕಾಗದದ ಪಟ್ಟಿಯನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ನಾಲ್ಕೈದು ಸಲ ಆಡಿಸಿದರೆ ಆಯಿತು.

ಬ್ಯಾಟರಿಯ ಪಿನ್‌ಗಳಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಅದಕ್ಕೆ ಸ್ವಿಚ್ ಇಲ್ಲ. ಚಾಕು, ಸ್ಕ್ರೂಡ್ರೈವರ್, ಸ್ಟೀಲ್ ಉಣ್ಣೆ ಇವನ್ನು ಹತ್ತಿರ ತರಬೇಡಿ, ಎರಡು ಪಿನ್ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಮರಳು ಕಾಗದವೂ ಬೇಡ. ಪಿನ್ ಮೇಲೆ ತೆಳುವಾದ ಲೋಹದ ಲೇಪ ಇರುತ್ತದೆ, ಅದನ್ನು ಕೆರೆದು ತೆಗೆದರೆ ಇವತ್ತು ಫಳಫಳ ಹೊಳೆದು ಕೆಲವೇ ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಕಿಲುಬು ಹಿಡಿಯುತ್ತದೆ. ಹಟ ಹಿಡಿದ ಕಲೆಗೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು.

ಹತ್ತು ನಿಮಿಷ ಒಣಗಲು ಬಿಟ್ಟು, ಬ್ಯಾಟರಿಯನ್ನು ಚಾರ್ಜರ್‌ಗೆ ನಾಲ್ಕೈದು ಸಲ ಹಾಕಿ ತೆಗೆದು ಮಾಡಿ, ಆಮೇಲೆ ಪ್ಲಗ್ ಹಾಕಿ. ನನ್ನ ಮೊದಲ ಬ್ಯಾಟರಿಯಲ್ಲಿ ಮಿನುಗು ನಿಂತು ಲೈಟ್ ಸ್ಥಿರವಾಗಿ ಹತ್ತಿತು. ಒಟ್ಟು ಖರ್ಚು ಮೂರು ಹತ್ತಿ ಕಡ್ಡಿ.

ಎರಡನೆಯದನ್ನೂ ಅಷ್ಟೇ ಶ್ರದ್ಧೆಯಿಂದ ಒರೆಸಿದೆ. ಅದು ಪಟಪಟ ಅನ್ನೋದನ್ನು ಬಿಡಲಿಲ್ಲ.

## ಒಟ್ಟು ಮಾರ್ಕ್ಸ್ ಚೆನ್ನಾಗಿದೆ, ಒಂದು ವಿಷಯದಲ್ಲಿ ಫೇಲ್

18 ವೋಲ್ಟ್ ಬ್ಯಾಟರಿ ಅಂದರೆ ಒಳಗೆ ಒಂದೇ ದೊಡ್ಡ ಸೆಲ್ ಇರೋದಿಲ್ಲ. 3.6 ವೋಲ್ಟ್‌ನ ಐದು ಸೆಲ್‌ಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಸಾಲಾಗಿ ಕೂಡಿಕೊಂಡಿರುತ್ತವೆ. 5 × 3.6 = 18. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್‌ಗೆ ಏರುತ್ತದೆ, ಒಟ್ಟು 21. ಕೆಲವರು ಇದೇ ಬ್ಯಾಟರಿಯನ್ನು 20 ವೋಲ್ಟ್ ಅಂತ ಮಾರುತ್ತಾರೆ, ಒಳಗಿರೋದು ಅದೇ ಐದು. ಹೆಚ್ಚು ಹೊತ್ತು ಬರುವ ದಪ್ಪ ಬ್ಯಾಟರಿಗಳಲ್ಲಿ ಒಂದೊಂದು ಜಾಗದಲ್ಲಿ ಎರಡೆರಡು ಸೆಲ್ ಜೋಡಿಯಾಗಿರುತ್ತವೆ. ನನ್ನದು ಅಂಥದ್ದು. ಹತ್ತು ಸೆಲ್, ಐದು ಜೋಡಿ.

ಹೊಸದರಲ್ಲಿ ಐದೂ ಜೋಡಿಗಳ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಇರುತ್ತದೆ. ಬಳಸುತ್ತಾ ಹೋದ ಹಾಗೆ ವ್ಯತ್ಯಾಸ ಹುಟ್ಟುತ್ತದೆ. ನಡುವಿನ ಸೆಲ್‌ಗಳು ಜಾಸ್ತಿ ಬಿಸಿಯಾಗಿ ಬೇಗ ಮುದಿಯಾಗುತ್ತವೆ. ಯಾವುದೋ ಒಂದು ಸೆಲ್ ಕೆಲಸವಿಲ್ಲದೆ ಕೂತಾಗಲೂ ಒಳಗೊಳಗೇ ಸೋರುತ್ತದೆ. ಕೆಲವು ಬ್ಯಾಟರಿಗಳಲ್ಲಿ ಒಳಗಿನ ಸರ್ಕ್ಯೂಟ್ ಬೋರ್ಡ್ ತನ್ನ ಪುಟ್ಟ ಊಟವನ್ನು ಐದರಲ್ಲಿ ಒಂದೇ ಜೋಡಿಯಿಂದ ತೆಗೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಆ ಜೋಡಿ ಮಾತ್ರ ಬಡವಾಗುತ್ತದೆ. ಸೆಲ್‌ಗಳ ನಡುವಿನ ಈ ಏರುಪೇರೇ ಸೆಲ್ ಅಸಮತೋಲನ.

ಇದು ಯಾಕೆ ಅಪಾಯ? ಪರೀಕ್ಷೆಯಲ್ಲಿ ಒಟ್ಟು ಮಾರ್ಕ್ಸ್ ಮಾತ್ರ ನೋಡಿದರೆ ಗಣಿತದಲ್ಲಿ ಫೇಲ್ ಆಗಿದ್ದು ಕಾಣೋದಿಲ್ಲ ಅಲ್ವಾ, ಹಾಗೆ. ಡ್ರಿಲ್ ಒಟ್ಟು 15 ವೋಲ್ಟ್‌ಗೆ ಇಳಿದಾಗ ನಿಲ್ಲುವಂತಿದೆ ಅಂತಿಟ್ಟುಕೊಳ್ಳಿ, ಅಂದರೆ ಜೋಡಿಗೆ ಸರಾಸರಿ 3 ವೋಲ್ಟ್. ನಾಲ್ಕು ಜೋಡಿ 3.3ರಲ್ಲಿದ್ದು ಒಂದು 1.8ಕ್ಕೆ ಇಳಿದಿದ್ದರೂ ಒಟ್ಟು 15 ವೋಲ್ಟೇ ಆಗುತ್ತದೆ. ಡ್ರಿಲ್‌ಗೆ ಎಲ್ಲ ಚೆನ್ನಾಗಿದೆ, ಆ ಒಂದು ಜೋಡಿ ಮಾತ್ರ ಸಾಯುತ್ತಿದೆ. ಚಾರ್ಜ್ ಮಾಡುವಾಗಲೂ ಇದೇ ಆಟ ತಿರುಗಿ ಬರುತ್ತದೆ. ಒಟ್ಟು 21 ಮಾತ್ರ ನೋಡಿದರೆ, ನಾಲ್ಕು 4.15ರಲ್ಲಿರುವಾಗ, ಸಾಮರ್ಥ್ಯ ಕುಗ್ಗಿ ಬೇಗ ತುಂಬಿಕೊಂಡ ಐದನೆಯದು 4.4ಕ್ಕೆ ಏರಿರಬಹುದು. ಅದು ಬೆಂಕಿಗೆ ಆಹ್ವಾನ. ಹಾಗಾಗಿ ಒಳ್ಳೆಯ ಬ್ಯಾಟರಿ ಮತ್ತು ಚಾರ್ಜರ್‌ಗಳು ಒಟ್ಟು ನೋಡಿ ಸುಮ್ಮನಾಗದೆ ಒಂದೊಂದು ವಿಷಯದ ಮಾರ್ಕ್ಸ್ ನೋಡುತ್ತವೆ. ಒಂದು ಕೆಟ್ಟರೂ ಪಟಪಟ.

ಮಿನುಗು ಬರುವ ಮೊದಲೇ ಕೆಲವು ಲಕ್ಷಣ ಕಾಣುತ್ತವೆ. ಬ್ಯಾಟರಿ ಎಂದಿಗಿಂತ ಬೇಗ 'ಫುಲ್' ಆಗುತ್ತದೆ, ಅಷ್ಟೇ ಬೇಗ ಖಾಲಿಯಾಗುತ್ತದೆ. ಯಾವುದಕ್ಕೂ ತಾಗಿಸದೆ ಸುಮ್ನೆ ಓಡಿಸಿದರೆ ಡ್ರಿಲ್ ಜೋರಾಗಿ ತಿರುಗುತ್ತದೆ, ಗೋಡೆಗೆ ಒತ್ತಿದ ಕೂಡಲೇ ಟಕ್ಕಂತ ನಿಲ್ಲುತ್ತದೆ.

## ಎರಡನೇ ಬ್ಯಾಟರಿಯನ್ನು ಅಳೆದದ್ದು

ಮೊದಲು ದೊಡ್ಡ ಪಿನ್‌ಗಳ ನಡುವೆ ಅಳೆದೆ. 17.1 ವೋಲ್ಟ್. ಇದೊಂದನ್ನೇ ನೋಡಿದರೆ ಅರ್ಧಂಬರ್ಧ ಚಾರ್ಜ್ ಇರುವ ಆರೋಗ್ಯವಂತ ಬ್ಯಾಟರಿ. ಡ್ರಿಲ್‌ಗೆ ಹಾಕಿದರೆ ತಿರುಗಿತು ಕೂಡ.

ನನ್ನ ಬ್ಯಾಟರಿಯಲ್ಲಿ ಪ್ಲಸ್, ಮೈನಸ್ ನಡುವೆ ಸೆಲ್‌ಗಳ ಸುದ್ದಿ ಹೇಳುವ ನಾಲ್ಕು ಸಣ್ಣ ಪಿನ್ ಇವೆ. ಎಲ್ಲ ಬ್ಯಾಟರಿಗಳಲ್ಲೂ ಇರೋದಿಲ್ಲ, ಇಲ್ಲದಿದ್ದರೆ ಹೊರಗಿನಿಂದ ಹೀಗೆ ಅಳೆಯಲು ಆಗೋದಿಲ್ಲ. ಮಲ್ಟಿಮೀಟರ್ ಕಡ್ಡಿಗಳಿಗೆ ತುದಿಯ ಎರಡು ಮಿಲಿಮೀಟರ್ ಬಿಟ್ಟು ಉಳಿದ ಭಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದೆ, ಕೈ ಜಾರಿ ಎರಡು ಪಿನ್‌ಗೆ ತಾಗಿದರೆ ಶಾರ್ಟ್ ಆಗದಿರಲಿ ಅಂತ. ಆಮೇಲೆ ಮೈನಸ್‌ನಿಂದ ಮೊದಲ ಪಿನ್, ಮೊದಲನೆಯದರಿಂದ ಎರಡನೆಯದು, ಹೀಗೆ ಪಕ್ಕಪಕ್ಕದ ಪಿನ್‌ಗಳ ನಡುವೆ ಅಳೆಯುತ್ತಾ ಪ್ಲಸ್ ತನಕ ಹೋದೆ. ಬಂದ ಸಂಖ್ಯೆಗಳು ಕ್ರಮವಾಗಿ 3.72, 3.71, 3.73, 3.70, ಕೊನೆಗೆ 2.24.

ಕೂಡಿಸಿ ನೋಡಿ, ಸರಿಯಾಗಿ 17.10. ಸುಳ್ಳಿಲ್ಲ, ಮೋಸವಿಲ್ಲ, ನಾಲ್ಕು ಜನ ಸೇರಿ ಐದನೆಯವನ ಸೋಲನ್ನು ಮುಚ್ಚಿಟ್ಟಿದ್ದರು.

ಎಷ್ಟು ವ್ಯತ್ಯಾಸ ಆದರೆ ಚಿಂತೆ ಮಾಡಬೇಕು? ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ ಜೋಡಿಗಳ ನಡುವೆ 0.05 ವೋಲ್ಟ್‌ನೊಳಗಿನ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳೋದಿಲ್ಲ. 0.2 ದಾಟಿದರೆ ಕಣ್ಣಿಡುತ್ತೇನೆ. ಯಾವುದಾದರೂ 2.5ಕ್ಕಿಂತ ಕೆಳಗಿದ್ದರೆ ಸುಮ್ನೆ ಚಾರ್ಜರ್ ಜೊತೆ ಜಗಳ ಆಡೋದಿಲ್ಲ, ಅದು ಹೇಳುತ್ತಿರೋದು ನಿಜ. 2ಕ್ಕಿಂತ ಕೆಳಗೆ ತುಂಬ ದಿನ ಇದ್ದರೆ ಆ ಬ್ಯಾಟರಿಯ ಆಸೆ ಬಿಡುತ್ತೇನೆ.

ಕಾರಣ ಇದೆ. ಸೆಲ್‌ನೊಳಗೆ ಗ್ರಾಫೈಟ್ ಅಂಟಿಕೊಂಡಿರೋದು ತೆಳುವಾದ ತಾಮ್ರದ ಹಾಳೆಯ ಮೇಲೆ. ವೋಲ್ಟೇಜ್ ತೀರಾ ಇಳಿದರೆ ಆ ತಾಮ್ರ ಒಳಗಿನ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಹಿಂದಿನ ಜಾಗಕ್ಕೆ ನೀಟಾಗಿ ಹೋಗಿ ಕೂರೋದಿಲ್ಲ, ಎಲ್ಲೆಂದರಲ್ಲಿ ಗಂಟು ಕಟ್ಟುತ್ತದೆ. ಆ ಗಂಟು ಎರಡು ಬದಿಯನ್ನೂ ಮುಟ್ಟಿದರೆ ಸೆಲ್ ಒಳಗೇ ಶಾರ್ಟ್. ಅದು ಚಾರ್ಜ್ ಮಾಡಿದ ದಿನವೇ ಆಗಬೇಕು ಅಂತಿಲ್ಲ, ವಾರ ಬಿಟ್ಟು ಆದರೂ ಆಗಬಹುದು.

## ತಾನೇ ಸರಿಹೋಗೋದಿಲ್ವಾ?

ವ್ಯತ್ಯಾಸ ಸರಿಪಡಿಸುವ ಸರ್ಕ್ಯೂಟ್‌ಗಳು ಇವೆ. ಎತ್ತರದಲ್ಲಿರುವ ಸೆಲ್‌ನಿಂದ ಒಂದು ರೆಸಿಸ್ಟರ್ ಮೂಲಕ ಸ್ವಲ್ಪ ಸ್ವಲ್ಪ ಕರೆಂಟ್ ಸೋರಿಸಿ ಉಳಿದವುಗಳ ಮಟ್ಟಕ್ಕೆ ತರುತ್ತವೆ. ಆದರೆ ಡ್ರಿಲ್ ಬ್ಯಾಟರಿಗಳಲ್ಲಿ ತುಂಬಾ ಕಡೆ ಇದು ಇರೋದೇ ಇಲ್ಲ, ಅವು ವ್ಯತ್ಯಾಸ ಇದೆ ಅಂತ ಗಮನಿಸುತ್ತವೆ ಅಷ್ಟೇ, ಸರಿ ಮಾಡೋದಿಲ್ಲ. ಇದ್ದರೂ ಸೋರಿಸುವ ವೇಗ ತೀರಾ ಕಡಿಮೆ. 50 ಮಿಲಿ ಆಂಪಿಯರ್‌ನಲ್ಲಿ ಒಂದು ಆಂಪಿಯರ್ ಅವರ್‌ನ ವ್ಯತ್ಯಾಸ ತೆಗೆಯಲು 20 ಗಂಟೆ ಬೇಕು. ಚಾರ್ಜರ್ ಚಾರ್ಜ್ ಮಾಡಲೇ ಒಪ್ಪದಿದ್ದರೆ ಅದಕ್ಕೂ ಅವಕಾಶ ಇಲ್ಲ.

ಇಲ್ಲೇ ಜನ ಒಂದು ಜುಗಾಡ್ ಮಾಡೋದು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯ ಪ್ಲಸ್ಸನ್ನು ಕೆಟ್ಟದರ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ವೈರ್ ಹಾಕಿ ಒಂದೆರಡು ನಿಮಿಷ ಹಿಡಿದರೆ ವೋಲ್ಟೇಜ್ ಏರುತ್ತದೆ, ಆಮೇಲೆ ಚಾರ್ಜರ್ ಒಪ್ಪಿಕೊಳ್ಳುತ್ತದೆ ಅಂತ. ಒಮ್ಮೊಮ್ಮೆ ಒಪ್ಪುತ್ತದೆ ನಿಜ. ಲೆಕ್ಕ ಮಾತ್ರ ನೋಡಿ. ಒಂದು 20 ವೋಲ್ಟ್, ಇನ್ನೊಂದು 13 ವೋಲ್ಟ್, ನಡುವೆ ವೈರ್ ಮತ್ತು ಸೆಲ್‌ಗಳದ್ದೆಲ್ಲ ಸೇರಿ 0.2 ಓಮ್ ತಡೆ. 7 ಭಾಗಿಸು 0.2, ಅಂದರೆ 35 ಆಂಪಿಯರ್. ತಡೆಯುವವರು ಯಾರೂ ಇಲ್ಲ, ಬಿಸಿ ನೋಡುವ ಮಣಿಯನ್ನು ಕೇಳುವವರೂ ಇಲ್ಲ. ಅದಕ್ಕಿಂತ ಮುಖ್ಯ, ಈ ಕರೆಂಟ್ ಐದೂ ಜೋಡಿಯಲ್ಲಿ ಒಂದೇ ಸಮ ಹರಿಯುತ್ತದೆ. 3.7ರಲ್ಲಿದ್ದವೂ ಏರುತ್ತವೆ, 2.24ರಲ್ಲಿದ್ದದ್ದೂ ಏರುತ್ತದೆ. ಏರುಪೇರು ಹಾಗೇ ಉಳಿಯುತ್ತದೆ.

ತಿಂಗಳುಗಟ್ಟಲೆ ಬಿಟ್ಟು ಐದೂ ಜೋಡಿ ಸಮನಾಗಿ, ಅಂದರೆ ಒಂದೊಂದೂ 2.6ರ ಆಸುಪಾಸು ಇಳಿದಿದ್ದರೆ ಅದು ಬೇರೆ ಮಾತು. ಅಂಥ ಬ್ಯಾಟರಿಗೆ ಕೆಲವು ಚಾರ್ಜರ್‌ಗಳು ಮೊದಲು ತೀರಾ ಸಣ್ಣ ಕರೆಂಟ್ ಕೊಟ್ಟು, ವೋಲ್ಟೇಜ್ ಏರುತ್ತಿದೆಯಾ ನೋಡಿ, ಆಮೇಲೆ ಪೂರ್ತಿ ಕರೆಂಟ್ ಬಿಡುತ್ತವೆ. ಅರ್ಧ ಗಂಟೆ ತಾಳ್ಮೆಯಿಂದ ಬಿಟ್ಟು ನೋಡುವುದರಲ್ಲಿ ಅರ್ಥವಿದೆ. ಮಿನುಗುತ್ತಿದೆ ಅಂತ ಹತ್ತು ಸಲ ಕಿತ್ತು ಹಾಕಿ ಮಾಡಬೇಡಿ. ಕೆಲವು ಬ್ಯಾಟರಿಗಳ ಒಳಗಿನ ಚಿಪ್ ಇಂಥ ಸೋತ ಪ್ರಯತ್ನಗಳನ್ನು ಎಣಿಸಿಟ್ಟುಕೊಂಡು, ಕೊನೆಗೆ ಬ್ಯಾಟರಿಯನ್ನೇ ಕಾಯಂ ಆಗಿ ಲಾಕ್ ಮಾಡುತ್ತದೆ. ಆಮೇಲೆ ಸೆಲ್ ಸರಿ ಮಾಡಿದರೂ ಅದು ತೆರೆಯೋದಿಲ್ಲ.

## 2.24ರ ಕೊನೆಯ ಪರೀಕ್ಷೆ

ನನ್ನ ಗೆಳೆಯನೊಬ್ಬ ಬ್ಯಾಟರಿ ರಿಪೇರಿ ಮಾಡುತ್ತಾನೆ. ಅವನ ಹತ್ತಿರ ವೋಲ್ಟೇಜ್ ಮತ್ತು ಕರೆಂಟ್ ಎರಡಕ್ಕೂ ಮಿತಿ ಹಾಕಬಹುದಾದ ಪವರ್ ಸಪ್ಲೈ ಇದೆ. ಬ್ಯಾಟರಿ ಬಿಚ್ಚಿ, ಆ ಒಂದು ಜೋಡಿಗೆ ಮಾತ್ರ 200 ಮಿಲಿ ಆಂಪಿಯರ್ ಕೊಟ್ಟು, ಮನೆಯ ಹೊರಗೆ ಸಿಮೆಂಟ್ ನೆಲದ ಮೇಲೆ ಇಟ್ಟುಕೊಂಡು, ನಡುನಡುವೆ ಕೈಯಿಟ್ಟು ಬಿಸಿ ನೋಡುತ್ತಾ 3.71ಕ್ಕೆ ಏರಿಸಿದ. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು. ಒಳಗಿನ ನಿಕ್ಕಲ್ ಪಟ್ಟಿಗಳ ಮೇಲೆ ಉಂಗುರ ತಾಗಿದರೂ ಸುಟ್ಟುಕೊಳ್ಳಬೇಕು.

ಈಗ ಐದೂ ಸಮ. ನನಗೆ ಖುಷಿಯೋ ಖುಷಿ. 'ಈಗಲೇ ಚಾರ್ಜರ್‌ಗೆ ಹಾಕ್ಬೇಡ. ಒಂದು ವಾರ ಹಾಗೇ ಇಡು, ಆಮೇಲೆ ಅಳೆ' ಅಂದ ಗೆಳೆಯ.

ಎಲ್ಲ ಜೋಡಿಗಳೂ ಒಂದೇ ಮಟ್ಟದಿಂದ ಶುರುಮಾಡಿವೆ, ಯಾರ ಮೇಲೂ ಹೊರೆ ಇಲ್ಲ. ಸರ್ಕ್ಯೂಟ್ ಬೋರ್ಡ್ ಆ ಜೋಡಿಯಿಂದ ಕರೆಂಟ್ ಕದಿಯುತ್ತಿದೆಯೋ ಏನೋ ಅನ್ನುವ ಅನುಮಾನ ಉಳಿಯದಿರಲಿ ಅಂತ ಬೋರ್ಡ್‌ನ ವೈರ್‌ಗಳನ್ನೂ ಬಿಡಿಸಿದ್ದ. ವಾರ ಕಳೆದ ಮೇಲೂ ಐದೂ ಸಮ ಇದ್ದರೆ ಸೆಲ್‌ಗಳದ್ದು ತಪ್ಪಿಲ್ಲ, ಬೋರ್ಡ್‌ನ ಊಟವೇ ಕಾರಣ ಅಂತ ಆಗುತ್ತಿತ್ತು. ಒಂದು ಮಾತ್ರ ಇಳಿದರೆ ಅದು ಒಳಗೇ ಸೋರುತ್ತಿದೆ ಅಂತ.

ಎಂಟನೇ ದಿನ ಅಳೆದೆವು. ನಾಲ್ಕು ಜೋಡಿ 3.70, 3.71ರಲ್ಲೇ ಇದ್ದವು. ಐದನೆಯದು 3.31. ಜೋಡಿಯಲ್ಲಿ ಎರಡು ಸೆಲ್ ಇವೆಯಲ್ಲ, ಎರಡನ್ನೂ ಬೇರೆ ಮಾಡಿ ಇನ್ನೊಂದು ವಾರ ಇಟ್ಟಿದ್ದರೆ ಯಾವುದು ಸೋರುತ್ತಿದೆ ಅಂತಲೂ ತಿಳಿಯುತ್ತಿತ್ತು, ಆದರೆ ಅಷ್ಟು ದಿನ 2.24ರಲ್ಲಿ ಬಿದ್ದಿದ್ದ ಸೆಲ್‌ನ ಜೊತೆಗಾರನನ್ನು ನಂಬಿ ಮತ್ತೆ ಡ್ರಿಲ್‌ಗೆ ಹಾಕುವ ಧೈರ್ಯ ಇಬ್ಬರಿಗೂ ಇರಲಿಲ್ಲ. ದೊಡ್ಡ ಪಿನ್‌ಗಳ ಮೇಲೆ ಟೇಪ್ ಸುತ್ತಿ, ಇ-ತ್ಯಾಜ್ಯಕ್ಕೆ ಕೊಡುವ ಡಬ್ಬಕ್ಕೆ ಹಾಕಿದೆವು. ಹತ್ತಿ ಕಡ್ಡಿಯಿಂದ ಬದುಕಿದ ಮೊದಲನೆಯದು ಈಗಲೂ ಕೆಲಸ ಮಾಡುತ್ತಿದೆ.